ಸೇವ್ಡ್ ಅಂತ ತೋರಿಸುತ್ತೆ, ಕನೆಕ್ಟ್ ಆಗಲ್ಲ: ಫೋನಿಗೂ ರೌಟರಿಗೂ ಎಲ್ಲಿ ತಪ್ಪುತ್ತೆ?

ಕಳೆದ ಮಳೆಗಾಲದಲ್ಲಿ ಸಾಗರದ ನಮ್ಮ ಮನೆ ಹತ್ತಿರ ಸಿಡಿಲು ಬಡಿಯಿತು. ರೌಟರಿನ ಅಡಾಪ್ಟರ್ ಸುಟ್ಟಿತು, ಜೊತೆಗೆ ರೌಟರೂ ಹೋಯಿತು. ಎರಡು ದಿನ ಬಿಟ್ಟು ಫೈಬರ್ ಹುಡುಗ ಬಂದು ಹೊಸ ಡಬ್ಬ ಹಾಕಿದ. ಹಳೆಯ ವೈಫೈ ಹೆಸರು, ಹಳೆಯ ಪಾಸ್‌ವರ್ಡನ್ನೇ ಹೊಸದಕ್ಕೂ ಕೊಟ್ಟ. "ಇನ್ನು ಯಾವ ಫೋನನ್ನೂ ಮುಟ್ಟೋದು ಬೇಡ ಅಮ್ಮ, ತಾನಾಗೇ ಹಿಡಿಯುತ್ತೆ" ಅಂತ ಹೇಳಿ ಹೋದ. ತಂಗಿಯ ಫೋನ್ ಹಿಡಿಯಿತು. ಟಿವಿಯೂ ಹಿಡಿಯಿತು. ಅಮ್ಮನ ಹಳೆಯ ಫೋನ್ ಮಾತ್ರ ಹಿಡಿಯಲಿಲ್ಲ.

"ಹೆಸರು ಕಾಣ್ತಿದೆ ಮಗಾ, ಕೆಳಗೆ Saved ಅಂತಲೂ ಇದೆ. ಒತ್ತಿದರೆ ಏನೋ ಒಂದು ಕ್ಷಣ ತಿರುಗುತ್ತೆ, ಮತ್ತೆ Saved ಅಂತಲೇ ಬರುತ್ತೆ" ಅಂತ ಅಮ್ಮ ಫೋನ್ ಮಾಡಿದರು. ಆ ವಾರದ ಕೊನೆಗೆ ಊರಿಗೆ ಹೋದವನು ಮೊದಲು ಕೂತಿದ್ದೇ ಈ ಫೋನ್ ಹಿಡಿದುಕೊಂಡು. ಹೆಸರು ಅದೇ, ಪಾಸ್‌ವರ್ಡ್ ಅದೇ, ಆದರೂ ಯಾಕೆ ಹಿಡಿಯಲ್ಲ? ಈ ಪ್ರಶ್ನೆಗೆ ಉತ್ತರ ಗೊತ್ತಾದರೆ ಇಂಥ ತೊಂದರೆಗಳಲ್ಲಿ ಹೆಚ್ಚಿನವು ಬಗೆಹರಿಯುತ್ತವೆ. ಹಾಗಾಗಿ ಅದನ್ನೇ ಹಿಡಿದುಕೊಂಡು ಹೋಗೋಣ.

ಸೇವ್ಡ್ ಅಂದರೆ ಏನು ಸೇವ್ ಆಗಿದೆ?

ಸೇವ್ಡ್ ಅನ್ನೋ ಮಾತಿಗೂ ರೌಟರಿಗೂ ಸಂಬಂಧವೇ ಇಲ್ಲ. ಅದು ಫೋನ್ ತನ್ನ ನೆನಪಿನ ಬಗ್ಗೆ ಹೇಳುವ ಮಾತು. "ಈ ಹೆಸರಿನ ವೈಫೈ ನನಗೆ ಗೊತ್ತು, ಹಿಂದೆ ಸೇರಿದ್ದೆ, ವಿವರ ಬರೆದಿಟ್ಟುಕೊಂಡಿದ್ದೇನೆ, ಈಗ ಮಾತ್ರ ಸೇರಿಲ್ಲ" ಅನ್ನುವುದಷ್ಟೇ ಅದರ ಅರ್ಥ.

ಬರೆದಿಟ್ಟುಕೊಂಡಿರುವ ವಿವರದಲ್ಲಿ ಮುಖ್ಯವಾಗಿ ಮೂರು ಸಂಗತಿ ಇರುತ್ತವೆ. ವೈಫೈ ಹೆಸರು, ಪಾಸ್‌ವರ್ಡ್, ಮತ್ತೆ ಸೆಕ್ಯೂರಿಟಿ ಮೋಡ್. ಮೊದಲಿನ ಎರಡು ಎಲ್ಲರಿಗೂ ಗೊತ್ತು. ಮೂರನೆಯದನ್ನು ಯಾರೂ ನಮ್ಮನ್ನು ಕೇಳುವುದೇ ಇಲ್ಲ. ಮೊದಲ ಸಲ ಸೇರುವಾಗ ರೌಟರ್ ಯಾವ ಪದ್ಧತಿಯಲ್ಲಿ ಬೀಗ ಹಾಕಿದೆ ಅಂತ ಫೋನ್ ತಾನೇ ನೋಡಿಕೊಂಡು ಬರೆದಿಡುತ್ತದೆ. WPA2, WPA3 ಅಂತೆಲ್ಲ ಕಾಣುವುದು ಈ ಪದ್ಧತಿಯ ಹೆಸರುಗಳೇ.

ಮೂರೂ ಹೊಂದಿದರೆ ಮಾತ್ರ ಫೋನ್ ಸೇರುತ್ತದೆ. ಫೈಬರ್ ಹುಡುಗ ಎರಡನ್ನು ಸರಿಯಾಗಿ ಹೊಂದಿಸಿದ್ದ. ಮೂರನೆಯದು ಹೊಸ ಡಬ್ಬದಲ್ಲಿ ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗೇ ಉಳಿದಿತ್ತು.

ಹೆಸರಿನ ಬಗ್ಗೆಯೂ ಒಂದು ಮಾತು. `Mane_Wifi` ಬೇರೆ, `mane_wifi` ಬೇರೆ. ನಮ್ಮ ಕಣ್ಣಿಗೆ ಎರಡೂ ಒಂದೇ, ಫೋನಿಗೆ ಎರಡು ಬೇರೆ ಬೇರೆ ನೆಟ್‌ವರ್ಕ್. ಕೊನೆಯಲ್ಲಿ ಒಂದು ಸ್ಪೇಸ್ ಹೆಚ್ಚಾಗಿ ಬಿದ್ದರೂ ಬೇರೆಯೇ. WPA2ನಲ್ಲಂತೂ ಪಾಸ್‌ವರ್ಡನ್ನೂ ವೈಫೈ ಹೆಸರನ್ನೂ ಸೇರಿಸಿ, 4096 ಸಲ ಅರೆದು ಒಂದು ಉದ್ದನೆಯ ಕೀಲಿ ತಯಾರಿಸುತ್ತಾರೆ. ಹೆಸರು ಒಂದಕ್ಷರ ಬದಲಾದರೆ, ಪಾಸ್‌ವರ್ಡ್ ಅದೇ ಇದ್ದರೂ, ಕೀಲಿ ಪೂರ್ತಿ ಬೇರೆಯಾಗುತ್ತದೆ.

ಅಥೆಂಟಿಕೇಷನ್ ಎರರ್ ಅನ್ನುವುದು ಫೋನಿನ ಊಹೆ

ನಾವು ಅಂದುಕೊಳ್ಳುವುದು ಹೀಗೆ: ಫೋನ್ ಪಾಸ್‌ವರ್ಡನ್ನು ರೌಟರಿಗೆ ಕಳಿಸುತ್ತೆ, ರೌಟರ್ ನೋಡಿ ಸರಿ ಅಥವಾ ತಪ್ಪು ಅಂತ ಹೇಳುತ್ತೆ. ನಿಜಕ್ಕೂ ಹಾಗೆ ನಡೆಯುವುದಿಲ್ಲ. ಪಾಸ್‌ವರ್ಡ್ ಗಾಳಿಯಲ್ಲಿ ಹೋಗುವುದೇ ಇಲ್ಲ. ಹೋದರೆ ಪಕ್ಕದ ಮನೆಯವರೂ ಹಿಡಿಯಬಹುದಲ್ವಾ?

WPA2ನಲ್ಲಿ ನಡೆಯುವುದು ಒಂದು ಲೆಕ್ಕ. ಮೊದಲು ರೌಟರ್ ಆ ಕ್ಷಣಕ್ಕೆ ತೋಚಿದ ಒಂದು ದೊಡ್ಡ ಸಂಖ್ಯೆಯನ್ನು ಫೋನಿಗೆ ಕಳಿಸುತ್ತದೆ. ಫೋನ್ ತಾನೂ ಒಂದು ಸಂಖ್ಯೆ ಆರಿಸಿಕೊಳ್ಳುತ್ತದೆ. ಎರಡು ಸಂಖ್ಯೆಗಳನ್ನೂ ತನ್ನ ಕೀಲಿಯ ಜೊತೆ ಸೇರಿಸಿ ಲೆಕ್ಕ ಮಾಡುತ್ತದೆ. ಆಮೇಲೆ ತನ್ನ ಸಂಖ್ಯೆಯನ್ನೂ, ಆ ಲೆಕ್ಕದಿಂದ ಹಾಕಿದ ಒಂದು ಮುದ್ರೆಯನ್ನೂ ರೌಟರಿಗೆ ಕಳಿಸುತ್ತದೆ. ರೌಟರ್ ತನ್ನಲ್ಲಿರುವ ಕೀಲಿಯಿಂದ ಅದೇ ಲೆಕ್ಕ ಮಾಡಿ ನೋಡುತ್ತದೆ. ಮುದ್ರೆ ಹೊಂದಿದರೆ ಮೂರನೆಯ ಸಂದೇಶ ಕಳಿಸುತ್ತದೆ. ಫೋನ್ ನಾಲ್ಕನೆಯದನ್ನು ಕಳಿಸಿ ಒಳಗೆ ಬರುತ್ತದೆ. ನಾಲ್ಕು ಸಂದೇಶ ಇರುವುದರಿಂದ ಇದನ್ನು ಫೋರ್-ವೇ ಹ್ಯಾಂಡ್‌ಶೇಕ್ ಅನ್ನುತ್ತಾರೆ.

ಮುದ್ರೆ ಹೊಂದದಿದ್ದರೆ ಏನಾಗುತ್ತದೆ? ರೌಟರ್ "ಪಾಸ್‌ವರ್ಡ್ ತಪ್ಪು" ಅಂತ ಹೇಳುವುದಿಲ್ಲ. ಎರಡನೆಯ ಸಂದೇಶವನ್ನು ಎಸೆದು ಸುಮ್ಮನಾಗುತ್ತದೆ. ಸ್ವಲ್ಪ ಹೊತ್ತು ಮೊದಲನೆಯ ಸಂದೇಶವನ್ನೇ ಮತ್ತೆ ಮತ್ತೆ ಕಳಿಸಿ, ಕೊನೆಗೆ ಸಂಪರ್ಕ ಕಡಿದುಬಿಡುತ್ತದೆ. ಫೋನಿಗೆ ಕಾಣುವುದು ಇಷ್ಟೇ: ಉತ್ತರ ಬರಬೇಕಿತ್ತು, ಬರಲಿಲ್ಲ. ಅದರ ಮೇಲೆ ಫೋನ್ ಊಹೆ ಮಾಡುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲೂ ಲಿನಕ್ಸ್ ಲ್ಯಾಪ್‌ಟಾಪುಗಳಲ್ಲೂ ವೈಫೈ ಸೇರಿಸುವ ಕೆಲಸ ಮಾಡುವ `wpa_supplicant` ಅನ್ನೋ ಪ್ರೋಗ್ರಾಂ ಆಗ ತನ್ನ ಲಾಗಿನಲ್ಲಿ ಬರೆಯುವ ಸಾಲು ಹೀಗಿರುತ್ತದೆ:

```
WPA: 4-Way Handshake failed - pre-shared key may be incorrect
```

ಈ ಸಾಲಿನಲ್ಲಿ `may be` ಅನ್ನೋ ಎರಡು ಪದ ನೋಡಿ. ಕೀಲಿ ತಪ್ಪಿರಬಹುದು ಅಂತ ಮಾತ್ರ ಅದು ಹೇಳುತ್ತಿದೆ. ಪರದೆಗೆ ಬರುವ ಹೊತ್ತಿಗೆ ಆ "ಇರಬಹುದು" ಹೋಗಿ, Authentication error occurred ಅಂತಲೋ, Check password and try again ಅಂತಲೋ ಖಚಿತವಾದ ಮಾತಾಗಿ ಕಾಣುತ್ತದೆ. ಅದನ್ನು ನಂಬಿ ನಾವು ಪಾಸ್‌ವರ್ಡನ್ನು ಹತ್ತು ಸಲ ಟೈಪ್ ಮಾಡುತ್ತಾ ಕೂರುತ್ತೇವೆ.

ಸಿಗ್ನಲ್ ತೀರಾ ಕಡಿಮೆ ಇದ್ದರೂ ಇದೇ ಎರರ್ ಬರಬಹುದು. ಫೋನ್ ಕಳಿಸಿದ ಎರಡನೆಯ ಸಂದೇಶ ದಾರಿಯಲ್ಲೇ ಕಳೆದುಹೋದರೆ ರೌಟರಿನಿಂದ ಉತ್ತರ ಬರುವುದಿಲ್ಲ, ಫೋನಿಗೆ ಎರಡೂ ಒಂದೇ ಥರ ಕಾಣುತ್ತದೆ. ಅದಕ್ಕೇ ಯಾವ ಪರೀಕ್ಷೆ ಮಾಡುವುದಿದ್ದರೂ ಮೊದಲು ಫೋನ್ ಹಿಡಿದು ರೌಟರಿನಿಂದ ನಾಲ್ಕೈದು ಅಡಿ ದೂರದಲ್ಲಿ ನಿಂತುಕೊಳ್ಳಿ. ಹಿತ್ತಿಲಲ್ಲಿ ಕೂತು ಪರೀಕ್ಷೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ.

ಹಲವು ಸಲ ಸೋತ ಮೇಲೆ ಫೋನ್ ಆ ನೆಟ್‌ವರ್ಕನ್ನು ಸ್ವಲ್ಪ ಹೊತ್ತು ತಾನಾಗಿ ಪ್ರಯತ್ನಿಸುವುದನ್ನೇ ಬಿಡುತ್ತದೆ. ಪಟ್ಟಿಯಲ್ಲಿ ಸುಮ್ನೆ ಸೇವ್ಡ್ ಅಂತ ಕೂತಿರುತ್ತದೆ. ಏನೂ ಎರರ್ ಇಲ್ಲದೆ ಬರೀ ಸೇವ್ಡ್ ಕಾಣುವುದಕ್ಕೆ ಇದು ಒಂದು ಕಾರಣ. ಇನ್ನೊಂದು ಕಾರಣ, ಬರೆದಿಟ್ಟ ಸೆಕ್ಯೂರಿಟಿ ಮೋಡಿಗೂ ರೌಟರ್ ಈಗ ಹೇಳುತ್ತಿರುವ ಮೋಡಿಗೂ ಹೊಂದಾಣಿಕೆಯೇ ಇಲ್ಲದಿರುವುದು. ಆಗ ಫೋನ್ ಲೆಕ್ಕದ ಹಂತಕ್ಕೇ ಹೋಗುವುದಿಲ್ಲ.

Forget ಒತ್ತುವ ಮೊದಲು

Forget ಒತ್ತಿದರೆ ಫೋನ್ ಆ ಮೂರೂ ವಿವರಗಳನ್ನು ಅಳಿಸಿ ಹಾಕುತ್ತದೆ. ಮುಂದಿನ ಸಲ ಸೇರುವಾಗ ರೌಟರಿನ ಈಗಿನ ಮೋಡ್ ಯಾವುದು ಅಂತ ಹೊಸದಾಗಿ ನೋಡಿಕೊಳ್ಳುತ್ತದೆ, ಪಾಸ್‌ವರ್ಡನ್ನು ಹೊಸದಾಗಿ ಕೇಳುತ್ತದೆ. ವೈಫೈ ಆಫ್ ಮಾಡಿ ಆನ್ ಮಾಡುವುದರಿಂದ ಇದು ಆಗುವುದಿಲ್ಲ. ಫೋನ್ ರೀಸ್ಟಾರ್ಟ್ ಮಾಡಿದರೂ ಬರೆದಿಟ್ಟದ್ದು ಹಾಗೇ ಇರುತ್ತದೆ. ಎಲ್ಲರೂ ಮೊದಲು "ಫರ್ಗೆಟ್ ಮಾಡಿ ನೋಡಿ" ಅನ್ನುವುದು ಇದಕ್ಕೇ.

ಆದರೆ ಒತ್ತುವ ಮೊದಲು ಪಾಸ್‌ವರ್ಡ್ ಕೈಯಲ್ಲಿರಲಿ. ಮರೆತಿದ್ದರೆ, ಅದೇ ವೈಫೈಗೆ ಸೇರಿರುವ ಇನ್ನೊಂದು ಆಂಡ್ರಾಯ್ಡ್ ಫೋನ್ ತೆಗೆದುಕೊಳ್ಳಿ. ಆಂಡ್ರಾಯ್ಡ್ 10 ಅಥವಾ ಅದಕ್ಕಿಂತ ಹೊಸದಾದರೆ, ವೈಫೈ ಹೆಸರಿನ ಪಕ್ಕದ ಗೇರ್ ಚಿಹ್ನೆ ಒತ್ತಿ Share ಅಂತ ಕೊಟ್ಟರೆ ಕ್ಯೂಆರ್ ಕೋಡ್ ಬರುತ್ತದೆ. ಅನೇಕ ಫೋನುಗಳಲ್ಲಿ ಅದರ ಕೆಳಗೇ ಪಾಸ್‌ವರ್ಡೂ ಬರೆದಿರುತ್ತದೆ. ಐಫೋನಿನಲ್ಲಿ ಐಒಎಸ್ 16ರಿಂದ ಈಚೆಗೆ ವೈಫೈ ವಿವರದ ಪುಟದಲ್ಲೇ ಪಾಸ್‌ವರ್ಡ್ ನೋಡಬಹುದು.

ಐಫೋನ್ ಇರುವವರಿಗೆ ಇನ್ನೊಂದು ಎಚ್ಚರಿಕೆ. ಐಕ್ಲೌಡ್ ಕೀಚೈನ್ ಆನ್ ಇದ್ದರೆ, ಒಂದು ಐಫೋನಿನಲ್ಲಿ ಮರೆಸಿದ ವೈಫೈ ಅದೇ ಖಾತೆಯ ಐಪ್ಯಾಡ್, ಮ್ಯಾಕ್‌ಗಳಿಂದಲೂ ಅಳಿಸಿಹೋಗುತ್ತದೆ. ಪಾಸ್‌ವರ್ಡ್ ಎಲ್ಲೂ ಬರೆದಿಡದೆ ಒತ್ತಿದರೆ ಎಲ್ಲವೂ ಒಟ್ಟಿಗೆ ಹೊರಗೆ ಬೀಳುತ್ತವೆ.

ಆಂಡ್ರಾಯ್ಡಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ವೈಫೈ ಪಟ್ಟಿಯಲ್ಲಿ ಹೆಸರಿನ ಪಕ್ಕದ ಗೇರ್ ಒತ್ತಿದರೆ Forget ಸಿಗುತ್ತದೆ. ಹಳೆಯ ಫೋನುಗಳಲ್ಲಿ ಹೆಸರನ್ನೇ ಒತ್ತಿ ಹಿಡಿಯಬೇಕು. ಐಫೋನಿನಲ್ಲಿ ಪಕ್ಕದ i ಚಿಹ್ನೆ ಒತ್ತಿದರೆ Forget This Network ಅಂತ ಇರುತ್ತದೆ. ಮರೆಸಿದ ಮೇಲೆ ಪಟ್ಟಿಯಲ್ಲಿ ಮತ್ತೆ ಅದೇ ಹೆಸರು ಒತ್ತಿ, ಪಾಸ್‌ವರ್ಡ್ ಹಾಕುವಾಗ ಕಣ್ಣಿನ ಚಿಹ್ನೆ ಒತ್ತಿ ಅಕ್ಷರ ಕಾಣುವಂತೆ ಮಾಡಿಕೊಳ್ಳಿ. ಮೊದಲ ಅಕ್ಷರ ತಾನಾಗಿ ದೊಡ್ಡದಾಗಿರುವುದು, ಕೊನೆಗೆ ಸ್ಪೇಸ್ ಸೇರಿರುವುದು, ಸೊನ್ನೆಯ ಜಾಗದಲ್ಲಿ O ಬಿದ್ದಿರುವುದು, ಇವು ಚುಕ್ಕಿಗಳ ಹಿಂದೆ ಕಾಣುವುದೇ ಇಲ್ಲ. ವಾಟ್ಸಾಪಿನಿಂದ ಕಾಪಿ ಮಾಡಿ ಹಾಕಿದಾಗ ಕೊನೆಯ ಸ್ಪೇಸ್ ಸೇರುವುದು ತುಂಬಾ ಸಾಮಾನ್ಯ.

ಅಮ್ಮನ ಫೋನಿನಲ್ಲಿ ಇದನ್ನೆಲ್ಲ ಮಾಡಿದೆ. ರೌಟರ್ ಪಕ್ಕದಲ್ಲೇ ನಿಂತು, ಒಂದೊಂದೇ ಅಕ್ಷರ ನೋಡಿ ಹಾಕಿದೆ. ಈಗ ಬರೀ ಸೇವ್ಡ್ ಅಂತ ಕೂರಲಿಲ್ಲ, ಅಥೆಂಟಿಕೇಷನ್ ಎರರ್ ಅಂತ ಬಂತು. ಕೆಲಸ ಆಗಲಿಲ್ಲ ನಿಜ, ಆದರೆ ಇದರಿಂದ ಒಂದು ವಿಷಯ ತಿಳಿಯಿತು. ಹಳೆಯ ನೆನಪು ಅಳಿಸಿದೆ, ಪಾಸ್‌ವರ್ಡ್ ಸರಿ ಇದೆ (ತಂಗಿಯ ಫೋನ್ ಅದರಲ್ಲೇ ನಡೆಯುತ್ತಿದೆ), ಸಿಗ್ನಲ್ ಪೂರ್ತಿ ಇದೆ. ಆದರೂ ಹೊಂದುತ್ತಿಲ್ಲ ಅಂದರೆ, ಉಳಿದದ್ದು ಮೂರನೆಯ ಸಂಗತಿ.

ರೌಟರಿಗೆ ಕೈ ಹಾಕುವ ಮೊದಲು ಇನ್ನೊಂದು ಸಣ್ಣ ಪರೀಕ್ಷೆ ಮಾಡಿದೆ. ನನ್ನ ಫೋನಿನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿ, ಅದರ ಸೆಕ್ಯೂರಿಟಿಯನ್ನು `WPA2-Personal` ಅಂತ ಇಟ್ಟು, ಅಮ್ಮನ ಫೋನನ್ನು ಅದಕ್ಕೆ ಸೇರಿಸಿದೆ. ತಕ್ಷಣ ಸೇರಿತು. ಅಲ್ಲಿಗೆ ಫೋನಿನ ವೈಫೈ ಕೆಟ್ಟಿಲ್ಲ ಅಂತಾಯಿತು. ಹಾಟ್‌ಸ್ಪಾಟಿಗೂ ಸೇರದಿದ್ದರೆ ನಾನು ರೌಟರಿನ ಕಡೆ ಹೋಗುತ್ತಲೇ ಇರಲಿಲ್ಲ, ಫೋನನ್ನೇ ನೋಡುತ್ತಿದ್ದೆ.

ರೌಟರಿನ ಒಳಗೆ ಆ ಮೂರನೆಯ ಸಂಗತಿ

ರೌಟರಿನ ಸೆಟ್ಟಿಂಗ್ ತೆರೆಯಲು ಅದರ ವಿಳಾಸ ಬೇಕು. ಸಾಮಾನ್ಯವಾಗಿ `192.168.1.1` ಅಥವಾ `192.168.0.1` ಇರುತ್ತದೆ. ಊಹೆ ಮಾಡುವುದು ಬೇಡ ಅನ್ನಿಸಿದರೆ, ಸೇರಿರುವ ಫೋನಿನಲ್ಲಿ ವೈಫೈ ವಿವರ ತೆರೆದು ನೋಡಿ. ಆಂಡ್ರಾಯ್ಡಿನಲ್ಲಿ Gateway ಅಂತ, ಐಫೋನಿನಲ್ಲಿ Router ಅಂತ ಇರುವ ಸಾಲಿನಲ್ಲಿರುವುದೇ ಆ ವಿಳಾಸ. ಅದನ್ನು ಬ್ರೌಸರಿನಲ್ಲಿ ಹಾಕಿದರೆ ಲಾಗಿನ್ ಪುಟ ಬರುತ್ತದೆ. ಈ ಲಾಗಿನ್ನಿನ ಪಾಸ್‌ವರ್ಡ್ ವೈಫೈ ಪಾಸ್‌ವರ್ಡ್ ಅಲ್ಲ, ಬೇರೆಯದು. ಡಬ್ಬದ ಅಡಿಯ ಸ್ಟಿಕರಿನಲ್ಲಿ ಬರೆದಿರುತ್ತದೆ, ಇಲ್ಲದಿದ್ದರೆ ಹಾಕಿಕೊಟ್ಟವರನ್ನು ಕೇಳಬೇಕು.

ಒಳಗೆ Wireless ಅಥವಾ WLAN ಅನ್ನೋ ಭಾಗದಲ್ಲಿ Security, Security Mode, Authentication ಹೀಗೆ ಯಾವುದಾದರೂ ಹೆಸರಿನಲ್ಲಿ ಒಂದು ಪಟ್ಟಿ ಇರುತ್ತದೆ. ಒತ್ತಿದರೆ ಉದ್ದಕ್ಕೆ ಇಳಿಯುತ್ತದೆ. ಗಾಬರಿಯಾಗುವ ಪಟ್ಟಿ ಅದಲ್ಲ, ಅದು ವೈಫೈ ಬೀಗಗಳ ಇತಿಹಾಸ ಅಷ್ಟೇ. 1997ರ WEP ಎಲ್ಲಕ್ಕಿಂತ ಹಳೆಯದು, ಸುಲಭವಾಗಿ ಒಡೆಯುತ್ತದೆ, ಅದನ್ನು ಮುಟ್ಟಲೇಬೇಡಿ. ಅದಕ್ಕೆ ತುರ್ತು ರಿಪೇರಿಯಾಗಿ 2003ರಲ್ಲಿ WPA ಬಂತು, ಅದರ ಜೊತೆಗೆ TKIP ಅನ್ನೋ ವಿಧಾನ. 2004ರಲ್ಲಿ WPA2 ಬಂತು, ಜೊತೆಗೆ AES. ಇಂದಿಗೂ ಎಲ್ಲ ಕಡೆ ನಡೆಯುತ್ತಿರುವುದು ಇದೇ. 2018ರಲ್ಲಿ WPA3 ಬಂತು. ಅದರ ಹೆಸರಿನ ಪಕ್ಕ SAE ಅಂತ ಕಾಣಬಹುದು. PSK, Personal ಅಂತ ಇದ್ದರೆ ಮನೆಯಲ್ಲಿ ಎಲ್ಲರೂ ಒಂದೇ ಪಾಸ್‌ವರ್ಡ್ ಬಳಸುವ ವಿಧಾನ ಅಂತ ಅರ್ಥ. Enterprise ಅಂತ ಇರುವುದು ಆಫೀಸು, ಕಾಲೇಜುಗಳಿಗೆ. ಮನೆಯಲ್ಲಿ ತಪ್ಪಿ ಅದನ್ನು ಆರಿಸಿದರೆ ಫೋನ್ ಯೂಸರ್ ನೇಮ್ ಕೂಡ ಕೇಳಲು ಶುರು ಮಾಡುತ್ತದೆ.

ನಮ್ಮ ಹೊಸ ಡಬ್ಬದಲ್ಲಿ ಇದ್ದದ್ದು `WPA2/WPA3` ಅನ್ನೋ ಮಿಶ್ರ ಮೋಡ್. ಹೆಸರು ನೋಡಿದರೆ ಹಳೆಯ ಫೋನ್ WPA2ನಲ್ಲಿ, ಹೊಸದು WPA3ನಲ್ಲಿ ಸೇರಬೇಕು. ಬಹಳಷ್ಟು ಫೋನುಗಳು ಹಾಗೇ ಸೇರುತ್ತವೆ. ಆದರೆ ಈ ಮೋಡಿನಲ್ಲಿ ರೌಟರ್ ತನ್ನ ಬಗ್ಗೆ ಸಾರುವಾಗ ಎರಡೂ ಬೀಗಗಳನ್ನು ಒಟ್ಟಿಗೆ ಹೇಳುತ್ತದೆ. WPA3 ಬರುವುದಕ್ಕೂ ಮೊದಲು ತಯಾರಾದ ಕೆಲವು ಫೋನುಗಳಿಗೆ ಆ ಎರಡನೆಯ ಮಾತು ಅರ್ಥವಾಗುವುದಿಲ್ಲ. ಅರ್ಥವಾಗದ್ದನ್ನು ಬಿಟ್ಟು ಅರ್ಥವಾದದ್ದನ್ನು ಹಿಡಿಯಬೇಕಿತ್ತು. ಕೆಲವು ಫೋನುಗಳ ವೈಫೈ ಡ್ರೈವರ್ ಹಾಗೆ ಮಾಡದೆ ಎಡವುತ್ತದೆ. ಆಂಡ್ರಾಯ್ಡಿಗೆ WPA3 ಬಂದದ್ದು 2019ರ ಆಂಡ್ರಾಯ್ಡ್ 10ರಲ್ಲಿ. ಅಮ್ಮನ ಫೋನ್ ಇನ್ನೂ 8ರಲ್ಲೇ ನಿಂತಿದೆ, ಕಂಪನಿಯಿಂದ ಮುಂದಿನ ಅಪ್‌ಡೇಟ್ ಬರುವುದಿಲ್ಲ.

ಇದರ ಪಕ್ಕದಲ್ಲೇ ಇನ್ನೊಂದು ಸಾಲು ಇರುತ್ತದೆ: PMF ಅಥವಾ Protected Management Frames. ಇದು ಬೇರೆಯವರು ನಮ್ಮ ಫೋನನ್ನು ವೈಫೈಯಿಂದ ಹೊರಗೆ ತಳ್ಳದಂತೆ ಕಾಯುವ ವ್ಯವಸ್ಥೆ. WPA3ಗೆ ಇದು ಕಡ್ಡಾಯ. Required ಅಂತ ಇಟ್ಟಿದ್ದರೆ, ಇದು ಗೊತ್ತಿಲ್ಲದ ಹಳೆಯ ಫೋನನ್ನು ರೌಟರ್ ಸೇರಿಸಿಕೊಳ್ಳುವುದೇ ಇಲ್ಲ. Capable ಅಥವಾ Optional ಅಂತ ಇದ್ದರೆ ಗೊತ್ತಿರುವ ಫೋನಿಗೆ ಬಳಸುತ್ತದೆ, ಗೊತ್ತಿಲ್ಲದ್ದನ್ನು ಹಾಗೇ ಬಿಡುತ್ತದೆ.

ಮೋಡನ್ನು `WPA2-PSK`, ಅದರ ಕೆಳಗಿನ ಎನ್‌ಕ್ರಿಪ್ಷನ್ನನ್ನು `AES` ಅಂತ ಮಾಡಿ, PMF ಅನ್ನು Optional ಮಾಡಿ ಸೇವ್ ಕೊಟ್ಟೆ. ರೌಟರಿನ ವೈಫೈ ಅರ್ಧ ನಿಮಿಷ ಹೋಗಿ ಮತ್ತೆ ಬಂತು. ಅಮ್ಮನ ಫೋನಿನಲ್ಲಿ ಮತ್ತೊಮ್ಮೆ Forget ಮಾಡಿ ಪಾಸ್‌ವರ್ಡ್ ಹಾಕಿದೆ. Connected ಅಂತ ಬಂತು, ಹಿಂದೆಯೇ ನಾಲ್ಕು ದಿನದ ವಾಟ್ಸಾಪ್ ಫೋಟೊಗಳು ಒಂದರ ಮೇಲೊಂದು ಬೀಳತೊಡಗಿದವು.

ಈಗ ತಂಗಿಯ ಫೋನ್ ಹೊರಗೆ ಬಿತ್ತು. ಅದು ಹೊಸ ಡಬ್ಬಕ್ಕೆ WPA3ನಲ್ಲಿ ಸೇರಿಕೊಂಡಿತ್ತು, ಹಾಗೇ ಬರೆದಿಟ್ಟುಕೊಂಡಿತ್ತು. ಅದರಲ್ಲೂ ಒಮ್ಮೆ Forget ಮಾಡಿ ಮತ್ತೆ ಹಾಕಬೇಕಾಯಿತು. ರೌಟರಿನ ಮೋಡ್ ಬದಲಿಸಿದಾಗ ಇದನ್ನು ಮೊದಲೇ ನಿರೀಕ್ಷಿಸಿ. ಮನೆಯವರಿಗೆಲ್ಲ ಹೇಳಿ, ಪಾಸ್‌ವರ್ಡ್ ಬರೆದಿಟ್ಟುಕೊಂಡು, ಆಮೇಲೆ ಬದಲಿಸಿ. ಯಾರಾದರೂ ಮೀಟಿಂಗಿನಲ್ಲಿರುವಾಗ ಈ ಕೆಲಸಕ್ಕೆ ಕೈ ಹಾಕಬೇಡಿ.

TKIP ಬಗ್ಗೆಯೂ ಒಂದು ಮಾತು ಹೇಳಬೇಕು. ಹಳೆಯ ಫೋನ್ ಸೇರುತ್ತಿಲ್ಲ ಅಂತ ಕೆಲವರು `WPA/WPA2` ಮತ್ತು `TKIP+AES` ಅನ್ನೋ ಆಯ್ಕೆಗೆ ಇಳಿಸಿಬಿಡುತ್ತಾರೆ. ಅಷ್ಟು ಕೆಳಗೆ ಹೋಗುವ ಅಗತ್ಯ ಇಲ್ಲ. 2006ರಿಂದ ಈಚೆಗೆ ವೈಫೈ ಪ್ರಮಾಣಪತ್ರ ಪಡೆದ ಎಲ್ಲ ಸಾಧನಗಳಿಗೂ WPA2 ಬರುತ್ತದೆ. TKIPಯಲ್ಲಿ ಸೇರಿದ ಫೋನಿನ ವೇಗ 54 ಎಂಬಿಪಿಎಸ್‌ಗಿಂತ ಮೇಲೆ ಹೋಗುವುದಿಲ್ಲ, ಎಷ್ಟೇ ದೊಡ್ಡ ಪ್ಲಾನ್ ಹಾಕಿಸಿಕೊಂಡರೂ ಅಷ್ಟೇ. ಹೊಸ ಐಫೋನುಗಳು ಇಂಥ ವೈಫೈ ಕೆಳಗೆ Weak Security ಅಂತ ಬರೆದು ತೋರಿಸುತ್ತವೆ.

WPA3 ಬಿಟ್ಟುಕೊಟ್ಟರೆ ಏನು ಕಳೆದುಕೊಳ್ಳುತ್ತೇವೆ?

ಇದನ್ನು ಹೇಳದೆ "WPA2 ಮಾಡಿಬಿಡಿ" ಅಂದರೆ ಅರ್ಧ ಮಾತಾಗುತ್ತದೆ. WPA2ನಲ್ಲಿ ಆ ನಾಲ್ಕು ಸಂದೇಶಗಳನ್ನು ಹತ್ತಿರದಲ್ಲಿರುವ ಯಾರಾದರೂ ಹಿಡಿದಿಟ್ಟುಕೊಳ್ಳಬಹುದು. ಅದರಲ್ಲಿ ಪಾಸ್‌ವರ್ಡ್ ಇರುವುದಿಲ್ಲ, ಆದರೆ ಮುದ್ರೆ ಇರುತ್ತದೆ. ಮನೆಗೆ ಹೋಗಿ ಕೂತು, ಒಂದೊಂದೇ ಪಾಸ್‌ವರ್ಡ್ ಹಾಕಿ ಅದೇ ಲೆಕ್ಕ ಮಾಡುತ್ತಾ, ಯಾವುದರಿಂದ ಅದೇ ಮುದ್ರೆ ಬರುತ್ತದೆ ಅಂತ ನೋಡಬಹುದು. ರೌಟರಿಗೆ ಇದು ಗೊತ್ತೇ ಆಗುವುದಿಲ್ಲ. WPA3ನಲ್ಲಿ ಹೀಗೆ ಹಿಡಿದುಕೊಂಡು ಹೋಗಿ ಊಹಿಸಲು ಆಗುವುದಿಲ್ಲ, ಪ್ರತಿ ಊಹೆಗೂ ರೌಟರಿನ ಹತ್ತಿರವೇ ಬಂದು ಕೇಳಬೇಕು. ದೊಡ್ಡ ವ್ಯತ್ಯಾಸ ಅದೇ.

ಹಾಗಾಗಿ WPA2ನಲ್ಲಿ ಇರುವುದಾದರೆ ಪಾಸ್‌ವರ್ಡ್ ಗಟ್ಟಿ ಇರಬೇಕು. ನಮ್ಮ ಮನೆಯದು ಎಂಟು ಅಂಕಿಯ ಹುಟ್ಟಿದ ದಿನಾಂಕ. ತುಂಬಾ ಮನೆಗಳಲ್ಲಿ ಇದೇ ಇರುತ್ತದೆ. ನೂರು ವರ್ಷಕ್ಕೆ ಇರುವ ದಿನಗಳೇ ಸುಮಾರು 36,500. ಅಷ್ಟನ್ನೂ ಪ್ರಯತ್ನಿಸಲು ಸಾಧಾರಣ ಲ್ಯಾಪ್‌ಟಾಪಿಗೆ ಕೆಲವೇ ನಿಮಿಷ ಸಾಕು. ವೈಫೈ ಪಾಸ್‌ವರ್ಡ್ ಎಂಟರಿಂದ 63 ಅಕ್ಷರದವರೆಗೆ ಇರಬಹುದು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ, ಸ್ಪೇಸ್ ಇಲ್ಲದೆ ಬರೆದು ಇಟ್ಟೆ. ಅಮ್ಮನಿಗೆ ನೆನಪಿರುತ್ತದೆ, ಟೈಪ್ ಮಾಡಲೂ ಸುಲಭ. ಹೇಗೂ ಎಲ್ಲ ಫೋನುಗಳಲ್ಲೂ ಮತ್ತೆ ಹಾಕುತ್ತಿದ್ದೆವಲ್ಲ, ಅದರ ಜೊತೆಗೇ ಇದೂ ಆಯಿತು.

ಮನೆಯಲ್ಲಿ ಹೊಸ ಫೋನುಗಳೇ ಜಾಸ್ತಿ ಇದ್ದು ಒಂದೇ ಒಂದು ಹಳೆಯ ಫೋನ್ ಇದ್ದರೆ ಇನ್ನೂ ಒಳ್ಳೆಯ ದಾರಿ ಇದೆ. ಬಹಳಷ್ಟು ರೌಟರುಗಳಲ್ಲಿ Guest Network ಅಂತ ಇನ್ನೊಂದು ವೈಫೈ ತೆರೆಯಬಹುದು. ಅದಕ್ಕೆ ಬೇರೆ ಹೆಸರು ಕೊಟ್ಟು WPA2-PSK ಇಟ್ಟು ಹಳೆಯ ಫೋನನ್ನು ಅದಕ್ಕೆ ಸೇರಿಸಿ. ಮುಖ್ಯ ವೈಫೈ WPA3ನಲ್ಲೇ ಇರಲಿ. ಸ್ಮಾರ್ಟ್ ಬಲ್ಬ್ ಥರದವುಗಳಿಗೂ ಇದೇ ಜಾಗ ಸರಿ. ಅವೂ ಹಳೆಯ ಫೋನಿನ ಹಾಗೇ ಎಡವುತ್ತವೆ. ನಮ್ಮ ಡಬ್ಬದಲ್ಲಿ ಗೆಸ್ಟ್ ನೆಟ್‌ವರ್ಕಿಗೂ ಅದೇ ಮೋಡ್ ಇತ್ತು, ಬೇರೆ ಮಾಡಲು ಬಿಡಲಿಲ್ಲ. ಇಲ್ಲದಿದ್ದರೆ ಹಾಗೇ ಮಾಡುತ್ತಿದ್ದೆ.

ಇವೆರಡೂ ಅಲ್ಲದಿದ್ದರೆ

Forget ಮಾಡಿ, ಮೋಡ್ ಸರಿ ಮಾಡಿದ ಮೇಲೂ ಸೇರದಿರುವ ಎರಡು ಸಂದರ್ಭಗಳನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಒಂದು, ಎಕ್ಸ್‌ಟೆಂಡರ್. ದೊಡ್ಡಪ್ಪನ ಮನೆಯಲ್ಲಿ ಮಹಡಿಗೆ ಸಿಗ್ನಲ್ ಬರಲಿ ಅಂತ ಒಂದು ಎಕ್ಸ್‌ಟೆಂಡರ್ ಹಾಕಿದ್ದರು, ರೌಟರಿನ ಹೆಸರೇ ಅದಕ್ಕೂ. ಮುಂದೊಂದು ದಿನ ರೌಟರಿನ ಪಾಸ್‌ವರ್ಡ್ ಬದಲಿಸಿದರು, ಎಕ್ಸ್‌ಟೆಂಡರಿನದ್ದು ಹಳೆಯದೇ ಉಳಿಯಿತು. ಫೋನಿಗೆ ಕಾಣುವುದು ಒಂದೇ ಹೆಸರು. ಕೆಳಗಿದ್ದಾಗ ರೌಟರನ್ನು ಹಿಡಿಯುತ್ತದೆ, ಸೇರುತ್ತದೆ. ಮಹಡಿಗೆ ಹೋದಾಗ ಎಕ್ಸ್‌ಟೆಂಡರಿನ ಸಿಗ್ನಲ್ ಜೋರಾಗಿರುವುದರಿಂದ ಅದಕ್ಕೆ ಹೋಗುತ್ತದೆ, ಪಾಸ್‌ವರ್ಡ್ ತಪ್ಪು ಅನ್ನುತ್ತದೆ. ಗುರುತು ಇದೇ: ಒಂದು ಕೋಣೆಯಲ್ಲಿ ಸೇರುತ್ತದೆ, ಇನ್ನೊಂದರಲ್ಲಿ ಎರರ್, ಅದೂ ಸಿಗ್ನಲ್ ಪೂರ್ತಿ ಇದ್ದಾಗ. ಎಕ್ಸ್‌ಟೆಂಡರನ್ನು ಪ್ಲಗ್‌ನಿಂದ ತೆಗೆದು ನೋಡಿ. ಸರಿಹೋದರೆ ಅದನ್ನೇ ಹೊಸದಾಗಿ ಸೆಟ್ ಮಾಡಬೇಕು.

ಎರಡು, ರೌಟರಿನಲ್ಲಿ MAC Filter ಆನ್ ಇರುವುದು. ಪಟ್ಟಿಯಲ್ಲಿರುವ ಸಾಧನಗಳನ್ನು ಮಾತ್ರ ಒಳಗೆ ಬಿಡುವ ವ್ಯವಸ್ಥೆ ಇದು. ಪ್ರತಿ ಫೋನಿಗೂ ಮ್ಯಾಕ್ ವಿಳಾಸ ಅಂತ ಒಂದು ಸಂಖ್ಯೆ ಇರುತ್ತದೆ, ಅದನ್ನು ಬರೆದಿಟ್ಟಿರುತ್ತಾರೆ. ಆದರೆ ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಈಚೆಗೆ ಫೋನುಗಳು ತಮ್ಮ ನಿಜವಾದ ಮ್ಯಾಕ್ ವಿಳಾಸ ಹೇಳುವುದಿಲ್ಲ, ಒಂದೊಂದು ವೈಫೈಗೆ ಒಂದೊಂದು ತೋಚಿದ ವಿಳಾಸ ಕೊಡುತ್ತವೆ. ಹಳೆಯ ಪಟ್ಟಿಗೆ ಅದು ಅಪರಿಚಿತ. ಇಲ್ಲಿ Forget ಎಷ್ಟು ಸಲ ಮಾಡಿದರೂ ಪ್ರಯೋಜನ ಇಲ್ಲ. ಆ ವೈಫೈ ವಿವರದಲ್ಲಿ Privacy ಅಡಿಯಲ್ಲಿ Use device MAC ಆರಿಸಬೇಕು, ಐಫೋನಿನಲ್ಲಿ Private Wi-Fi Address ಆಫ್ ಮಾಡಬೇಕು, ಇಲ್ಲವೇ ರೌಟರಿನಲ್ಲಿ ಫಿಲ್ಟರನ್ನೇ ತೆಗೆಯಬೇಕು. ಮನೆಯಲ್ಲಾದರೆ ತೆಗೆಯುವುದೇ ಸರಿ ಅನ್ನುತ್ತೇನೆ. ಗಟ್ಟಿ ಪಾಸ್‌ವರ್ಡ್ ಕೊಡುವ ಕಾವಲಿಗೆ ಹೋಲಿಸಿದರೆ ಫಿಲ್ಟರ್ ಕೊಡುವುದು ತೀರಾ ಕಡಿಮೆ.

ಇನ್ನು Obtaining IP address ಅಂತ ಬಂದು ಅಲ್ಲೇ ನಿಂತರೆ, ಅದು ಈ ತೊಂದರೆ ಅಲ್ಲವೇ ಅಲ್ಲ. ಆಗ ಬೀಗ ತೆರೆದಿದೆ, ಪಾಸ್‌ವರ್ಡ್ ಹೊಂದಿದೆ, ರೌಟರ್ ವಿಳಾಸ ಕೊಡುವ ಹಂತದಲ್ಲಿ ತಡೆದಿದೆ. ರೌಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಅದು ಹೆಚ್ಚಾಗಿ ಸರಿಹೋಗುತ್ತದೆ. ಸೆಕ್ಯೂರಿಟಿ ಮೋಡ್ ಮುಟ್ಟಬೇಡಿ.

ಫೋನಿನ ಕಡೆಯ ಕೊನೆಯ ದಾರಿ ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್. ಆಂಡ್ರಾಯ್ಡಿನಲ್ಲಿ System ಒಳಗೆ Reset options ಅಡಿಯಲ್ಲಿ ಇರುತ್ತದೆ. ಫೋಟೊ, ಕಾಂಟ್ಯಾಕ್ಟ್ ಏನೂ ಹೋಗುವುದಿಲ್ಲ, ಆದರೆ ಸೇವ್ ಆದ ಎಲ್ಲ ವೈಫೈಗಳೂ, ಜೋಡಿಸಿದ ಬ್ಲೂಟೂತ್ ಸಾಧನಗಳೂ ಹೋಗುತ್ತವೆ. ರೌಟರಿನ ಹಿಂದೆ ಪಿನ್ ಚುಚ್ಚುವ ಸಣ್ಣ ತೂತಿನ ರೀಸೆಟ್ ಇದೆಯಲ್ಲ, ಅದನ್ನು ಮಾತ್ರ ಒತ್ತಬೇಡಿ. ವೈಫೈ ಹೆಸರು, ಪಾಸ್‌ವರ್ಡಿನ ಜೊತೆಗೆ ಫೈಬರ್‌ನವರು ಹಾಕಿಟ್ಟಿರುವ ಇಂಟರ್ನೆಟ್ ಲಾಗಿನ್ನೂ ಅಳಿಸಿಹೋಗಬಹುದು. ಆಗ ಒಂದು ಫೋನಿನ ತೊಂದರೆ ಇಡೀ ಮನೆಯ ತೊಂದರೆ ಆಗುತ್ತದೆ, ಅವರು ಮತ್ತೆ ಬಂದು ಹಾಕಿಕೊಡುವವರೆಗೆ ಕಾಯಬೇಕು.